ಬಿ ಒತ್ತಿದರೆ ಕಪ್ಪು, ಡಬ್ಲ್ಯೂ ಒತ್ತಿದರೆ ಬಿಳಿ

ನಮ್ಮ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಸರ್ ಪಾಠದ ನಡುವೆ ಮೌಸ್ ಮುಟ್ಟಿದ್ದನ್ನು ನಾನು ನೋಡಿಲ್ಲ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಅದು ಇದ್ದರೆ ಎತ್ತಿ ಮೇಜಿನ ಡ್ರಾಯರಿನಲ್ಲಿ ಹಾಕಿಬಿಡುತ್ತಿದ್ದರು. ಎಲ್ಲ ಕೆಲಸ ಕೀಲಿಗಳ ಮೇಲೆಯೇ. ಮುಖ ಮಕ್ಕಳ ಕಡೆ, ಮಾತು ಮಕ್ಕಳ ಜೊತೆ, ಬೆರಳು ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುತ್ತಿತ್ತು.

ಶಾಲೆ ಇರುವುದು ವಿಶಾಖಪಟ್ಟಣದ ಹೊರಗೆ, ದುವ್ವಾಡ ಸ್ಟೇಷನ್ನಿನಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ. ನಾನು ತುಮಕೂರಿನವಳು. ಗಂಡನಿಗೆ ಇಲ್ಲಿ ಕೆಲಸವಾದ್ದರಿಂದ ಬಂದವಳು, ಮನೆಯಲ್ಲಿ ಸುಮ್ಮನೆ ಕೂರಲಾರದೆ ಸಮಾಜ ವಿಜ್ಞಾನದ ಟೀಚರಾದೆ. ಸರ್ ಧಾರವಾಡದ ಕಡೆಯವರು. ಅವರ ಹೆಂಡತಿ ದ್ವಾರಕಾ ನಗರದ ಒಂದು ಬ್ಯಾಂಕಿನಲ್ಲಿ ಕ್ಲಾರ್ಕ್. ವರ್ಗವಾಗಿ ಬಂದದ್ದು ಹೆಂಡತಿ, ಹಿಂದೆ ಬಂದದ್ದು ಸರ್. "ನಾ ಹೆಂಡತಿ ಹಿಂದ ಬಂದ ಗಂಡಸು ನೋಡ್ರಿ" ಎಂದು ಅವರೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಕನ್ನಡ ಬರುವವರು ನಾವಿಬ್ಬರೇ. ನನ್ನ ಕನ್ನಡ ಅವರಿಗೆ ಪುಸ್ತಕದಂತೆ ಕೇಳುತ್ತಿತ್ತಂತೆ, ಅವರದು ನನಗೆ ಹಾಡಿನಂತೆ ಕೇಳುತ್ತಿತ್ತು.

ತರಗತಿಗಳಿಗೆ ಪ್ರೊಜೆಕ್ಟರ್ ಬಂದ ವರ್ಷ ನಾನು ಪಟ್ಟ ಪಾಡು ಹೇಳತೀರದು. ಒಂದು ದಿನ ನದಿಗಳ ನಕ್ಷೆ ತೋರಿಸುತ್ತಿದ್ದೆ. ಪಿಡಿಎಫ್ ಕಡತ. ಕೃಷ್ಣಾ ನದಿ ಕಡಲು ಸೇರುವ ಜಾಗವನ್ನು ದೊಡ್ಡದು ಮಾಡಬೇಕು, ಭೂತಗನ್ನಡಿಯ ಚಿತ್ರ ಎಲ್ಲಿದೆಯೋ ಸಿಗುತ್ತಿಲ್ಲ. ಬಾಣದ ಗುರುತು ಪರದೆಯ ತುಂಬ ಓಡಾಡುತ್ತಿದೆ, ಮಕ್ಕಳು ಅದರ ಜೊತೆಗೇ ತಲೆ ಆಡಿಸಿ ನಗುತ್ತಿದ್ದಾರೆ. ಪಕ್ಕದ ಕೋಣೆಯಿಂದ ಗಲಾಟೆ ಕೇಳಿ ಸರ್ ಬಂದು ಬಾಗಿಲಲ್ಲಿ ನಿಂತರು.

"ತಂಗಿ, ಆ ಇಲಿ ಹಿಡಕೊಂಡು ಯಾಕ ಓಡ್ಯಾಡ್ತಿ? ಕಂಟ್ರೋಲ್ ಒತ್ತಿ ಹಿಡಿ, ಪ್ಲಸ್ ಒತ್ತು. ನಕ್ಷಾ ತಾನ ಮುಂದ ಬರತೈತಿ."

ಒತ್ತಿದೆ. ಬಂತು. ಇನ್ನೊಮ್ಮೆ ಒತ್ತಿದೆ, ನದಿಯ ಕವಲುಗಳು ಅಂಗೈ ರೇಖೆಗಳ ಹಾಗೆ ಕಂಡವು. ಮಕ್ಕಳು ಸುಮ್ಮನಾದರು.

"ಈಗ ಕಂಟ್ರೋಲ್ ಹಿಡಿದು ಸೊನ್ನಿ ಒತ್ತು, ಪೂರಾ ಪುಟ ವಾಪಸ್" ಎಂದು ಹೇಳಿ ಹೋದರು.

ಆಮೇಲೆ ಊಟದ ಬಿಡುವಿನಲ್ಲಿ ಒಂದೊಂದಾಗಿ ಕಲಿಸಿದರು. ಪಿಡಿಎಫಿನಲ್ಲಿ ಬೇಕಾದ ಪುಟಕ್ಕೆ ಹೋಗಲು ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿ, ಪುಟದ ಸಂಖ್ಯೆ ಹಾಕಿ ಎಂಟರ್ ಕೊಡಬೇಕು. ಪರದೆ ತುಂಬ ಪುಟವೊಂದೇ ಕಾಣಬೇಕಾದರೆ ಕಂಟ್ರೋಲ್ ಮತ್ತು ಎಲ್, ಹೊರಗೆ ಬರಲು ಎಸ್ಕೇಪ್. ಸ್ಲೈಡುಗಳ ಪ್ರದರ್ಶನ ಮೊದಲಿನಿಂದ ಶುರುವಾಗಲು ಎಫ್ ಐದು, ನಿಂತ ಜಾಗದಿಂದಲೇ ಶುರುವಾಗಲು ಶಿಫ್ಟ್ ಹಿಡಿದು ಎಫ್ ಐದು. ಪ್ರದರ್ಶನ ನಡೆಯುತ್ತಿರುವಾಗ ಹನ್ನೆರಡನೇ ಸ್ಲೈಡ್ ಬೇಕೆನಿಸಿದರೆ ಹನ್ನೆರಡು ಎಂದು ಒತ್ತಿ ಎಂಟರ್ ಕೊಟ್ಟರೆ ಸಾಕು, ನಡುವಿನದನ್ನೆಲ್ಲ ದಾಟಿ ಅದೇ ಬಂದು ನಿಲ್ಲುತ್ತದೆ. ಇದನ್ನು ಕಂಡಾಗ ನನಗಾದ ಬೆರಗು ಇನ್ನೂ ನೆನಪಿದೆ. ಅಲ್ಲಿಯವರೆಗೆ ನಾನು ಒಂದೊಂದೇ ಸ್ಲೈಡ್ ಹಿಂದೆ ಹಿಂದೆ ತಳ್ಳುತ್ತಾ, "ಒಂದ್ನಿಮಿಷ ಮಕ್ಕಳೇ" ಎನ್ನುತ್ತಾ ಅರ್ಧ ಪೀರಿಯಡ್ ಕಳೆಯುತ್ತಿದ್ದೆ.

ಆದರೆ ಅವರಿಗೆ ಬಲು ಇಷ್ಟವಾದದ್ದು ಎರಡು ಅಕ್ಷರಗಳು. ಬಿ ಒತ್ತಿದರೆ ಪರದೆ ಪೂರ್ತಿ ಕಪ್ಪು. ಡಬ್ಲ್ಯೂ ಒತ್ತಿದರೆ ಪೂರ್ತಿ ಬಿಳಿ. ಅದೇ ಅಕ್ಷರ ಮತ್ತೆ ಒತ್ತಿದರೆ ಬಿಟ್ಟ ಸ್ಲೈಡ್ ವಾಪಸ್.

"ಹುಡುಗರು ಗ್ವಾಡಿ ನೋಡಾಕತ್ತಿರ್ತಾರ, ನಿನ್ನ ನೋಡವಲ್ರು. ಆವಾಗ ಬಿ ಒತ್ತು. ಗ್ವಾಡಿ ಮ್ಯಾಲೆ ಏನೂ ಇಲ್ಲಂದ್ರ ಮೇಷ್ಟರ ಮಾರಿ ನೋಡ್ಲಿಕ್ಕೇಬೇಕಲ್ಲ?"

ಈ ಪಾಠ ನಮ್ಮ ಶಾಲೆಯಲ್ಲಿ ಎಷ್ಟು ಹೆಸರಾಯಿತೆಂದರೆ, ನಮ್ಮ ಆಡಳಿತದವರದೇ ಇನ್ನೊಂದು ಶಾಲೆ ವಿಜಯವಾಡದ ಭವಾನಿಪುರಂನಲ್ಲಿದೆ, ಅಲ್ಲಿನ ಟೀಚರುಗಳಿಗೂ ಸರ್ ಒಂದು ದಿನ ಕಲಿಸಲಿ ಎಂದು ತೀರ್ಮಾನವಾಯಿತು. ಜೊತೆಗೆ ನಾನೂ ಹೋಗಬೇಕು, ನಕ್ಷೆಗಳ ವಿಷಯ ಹೇಳಲು. ದುವ್ವಾಡದಲ್ಲೇ ರೈಲು ಹತ್ತಿದೆವು. ದಾರಿಯುದ್ದಕ್ಕೂ ಸರ್ ಹೆಂಡತಿ ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿ. ತುನಿ ಸ್ಟೇಷನ್ ದಾಟಿದ ಮೇಲೆ ಸರ್ ಸಣ್ಣ ಚೀಲವೊಂದರಲ್ಲಿ ತಡಕಾಡಿ, "ಬಿ.ಪಿ. ಗುಳಿಗಿ ಮನ್ಯಾಗ ಉಳದಾವ ನೋಡು. ಇರಲಿ ಬಿಡು, ಒಂದು ದಿನಕ್ಕ ಏನಾಗ್ತೈತಿ" ಎಂದರು. ನಾನೂ ಹೂಂ ಎಂದೆ. ವಿಜಯವಾಡದಲ್ಲಿ ಇಳಿದ ಮೇಲೆ ಸ್ಟೇಷನ್ ಎದುರಿನ ಅಂಗಡಿಯಲ್ಲಿ ಕೊಳ್ಳೋಣವೆಂದುಕೊಂಡೆವು. ಆದರೆ ಶಾಲೆಯ ಕಾರು ಕಾಯುತ್ತಿತ್ತು, ಹತ್ತಿ ಕೂತುಬಿಟ್ಟೆವು.

ಮರುದಿನ ಬೆಳಿಗ್ಗೆ ಸರ್ ಚೆನ್ನಾಗಿದ್ದರು. ಇದನ್ನು ಆಮೇಲೆ ಎಷ್ಟು ಜನ ಎಷ್ಟು ಸಲ ಕೇಳಿದರೋ. ಹೌದು, ಚೆನ್ನಾಗಿದ್ದರು. ಪೆಸರಟ್ಟು ತಿಂದರು, ಇನ್ನೊಂದು ಹಾಕಿಸಿಕೊಂಡರು. ಶಾಲೆಯ ಹೆಡ್ ಮೇಡಂ ಜೊತೆ ತೆಲುಗಿನಲ್ಲಿ ಹಾಸ್ಯ ಮಾಡಿದರು. ಆಕೆ ಐವತ್ತು ದಾಟಿದ ಗಟ್ಟಿ ಹೆಂಗಸು, ತಾನೂ ವಿದ್ಯಾರ್ಥಿಯಂತೆ ಮುಂದಿನ ಸಾಲಿನಲ್ಲೇ ಕುಳಿತಿದ್ದರು.

ಹಾಲ್‌ನ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದು ಕತ್ತಲು ಮಾಡಿದ್ದರು. ಸರ್ ತಮ್ಮ ಲ್ಯಾಪ್‌ಟಾಪ್ ಜೋಡಿಸಿ, ಮೌಸನ್ನು ಎತ್ತಿ ಹೆಡ್ ಮೇಡಂ ಕೈಗೆ ಕೊಟ್ಟು, ಸಂಜೆಯವರೆಗೆ ಇದನ್ನು ನೀವೇ ಇಟ್ಟುಕೊಳ್ಳಿ ಎಂದರು. ಎಲ್ಲರೂ ನಕ್ಕರು. ಟೀಗೆ ಮೊದಲು ಸ್ಲೈಡುಗಳ ಪಾಠ ಮುಗಿಯಿತು. ಟೀ ಆದ ಮೇಲೆ ಪಿಡಿಎಫ್ ಪಾಠ. ನಾನು ನನ್ನ ನಕ್ಷೆಗಳನ್ನು ಹಿಗ್ಗಿಸಿ ಕುಗ್ಗಿಸಿ ತೋರಿಸಿ ಬಂದು ಹಿಂದಿನ ಸಾಲಿನಲ್ಲಿ ಕುಳಿತೆ.

ಆಮೇಲೆ ಸರ್ ಒಂದು ಆಟ ಶುರು ಮಾಡಿದರು. ಸ್ಲೈಡ್ ಪ್ರದರ್ಶನ ಹಾಕಿ, ನೀವು ಯಾವ ಸಂಖ್ಯೆ ಕೂಗುತ್ತೀರೋ ಆ ಸ್ಲೈಡಿಗೆ ಕೀಲಿ ನೋಡದೆ ಹಾರುತ್ತೇನೆ ಎಂದರು. ಯಾರೋ "ಪದಹಾರು" ಎಂದು ಕೂಗಿದರು. ಹದಿನಾರು ಬಂತು, ಮೂಲೆಯಲ್ಲಿ ಸಂಖ್ಯೆಯೂ ಕಾಣುತ್ತಿತ್ತು. ಚಪ್ಪಾಳೆ. "ಮೂಡು" ಎಂದರು ಇನ್ನೊಬ್ಬರು. ಮೂರನೆಯದು ಬಂತು.

"ಪನ್ನೆಂಡು" ಎಂದು ಒಂದು ಹುಡುಗಿ ಟೀಚರ್ ಕೂಗಿದಳು. ಹನ್ನೆರಡು.

ಬಂದದ್ದು ಹನ್ನೊಂದು.

ಎಲ್ಲರೂ ಹೋ ಎಂದರು. ಸರ್ ನಕ್ಕರು. ಮತ್ತೆ ಒತ್ತಿದರು. ಇಪ್ಪತ್ತೊಂದು ಬಂತು. ಮತ್ತೆ ಒತ್ತಿದರು. ಈ ಸಲ ಕೈಮುಗಿದ ಚಿತ್ರವಿದ್ದ ಕೊನೆಯ ಸ್ಲೈಡ್, "ಧನ್ಯವಾದಾಲು" ಎಂದು ತೆಲುಗಿನಲ್ಲಿ ಬರೆದದ್ದು, ಪರದೆ ತುಂಬ ಬಂದು ನಿಂತಿತು. ಹಾಲ್‌ನಲ್ಲಿ ನಗು ಉಕ್ಕಿತು. ಊಟದ ಹೊತ್ತಾಯಿತು ಎಂದು ಸರ್ ಸೂಚನೆ ಕೊಡುತ್ತಿದ್ದಾರೆ ಎಂದು ಯಾರೋ ಅಂದರು, ಕೆಲವರು ಎದ್ದೇ ಬಿಟ್ಟರು.

ನಾನು ನಗಲಿಲ್ಲ. ಏನೋ ಸರಿಯಿಲ್ಲ ಎಂದು ಅನ್ನಿಸಿತು, ಏನೆಂದು ಗೊತ್ತಾಗಲಿಲ್ಲ. ಇಷ್ಟು ವರ್ಷದಲ್ಲಿ ಈ ಮನುಷ್ಯನ ಬೆರಳು ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಕೈತಪ್ಪು ಎಂದರೆ ಒಂದು ಸಲ. ಮೂರು ಸಲವೇ?

ಅಷ್ಟರಲ್ಲಿ ಪರದೆ ಕಪ್ಪಾಯಿತು. ಬಿ ಒತ್ತಿದ್ದರು. ಕೂಡಲೇ ಸ್ಲೈಡ್ ಬಂತು. ಮತ್ತೆ ಕಪ್ಪು. ಮತ್ತೆ ಸ್ಲೈಡ್. ಮತ್ತೆ ಕಪ್ಪು. ಮೊದಮೊದಲು ಇದೂ ಪಾಠದ ಭಾಗವೇ ಎಂದುಕೊಂಡವರು ಈಗ ಸುಮ್ಮನಾದರು. ಕೊನೆಗೆ ಕಪ್ಪಿನಲ್ಲೇ ನಿಂತಿತು. ಕಿಟಕಿ ಮುಚ್ಚಿದ ಹಾಲ್, ಪ್ರೊಜೆಕ್ಟರಿನ ಫ್ಯಾನ್ ಸದ್ದು ಬಿಟ್ಟರೆ ಬೇರೇನಿಲ್ಲ. ಆ ಕತ್ತಲಲ್ಲಿ ಸರ್ ಮಾತಾಡತೊಡಗಿದರು.

ಅಷ್ಟು ಹೊತ್ತೂ ಅವರು ತೆಲುಗಿನಲ್ಲಿ ಪಾಠ ಮಾಡುತ್ತಿದ್ದರು. ಈಗ ಆಡುತ್ತಿದ್ದುದು ತೆಲುಗಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಹಿಂದೆ ತಿರುಗಿ ನನ್ನನ್ನು ಹುಡುಕಿದರು. ಹೆಡ್ ಮೇಡಂ ಕತ್ತಲಲ್ಲೇ ನಗುದನಿಯಲ್ಲಿ ಕೇಳಿದರು:

"ಮೇಡಂ, ಸಾರ್ ಕನ್ನಡಲೋ ಏಮಂಟುನ್ನಾರು?"

ಸರ್ ಕನ್ನಡದಲ್ಲಿ ಏನು ಹೇಳುತ್ತಿದ್ದಾರೆ, ನಮಗೂ ಸ್ವಲ್ಪ ಹೇಳಿ ಎಂದು.

ನಾನು ಕಿವಿಗೊಟ್ಟೆ. ಅದೇ ಏರಿಳಿತ. ವಾಕ್ಯದ ಕೊನೆಯನ್ನು ಎಳೆಯುವ ಅದೇ ಧಾರವಾಡದ ರಾಗ. ಪ್ರಶ್ನೆ ಕೇಳುವಂತೆ ದನಿ ಮೇಲೇರುತ್ತಿತ್ತು, ಉತ್ತರ ಹೇಳುವಂತೆ ಕೆಳಗಿಳಿಯುತ್ತಿತ್ತು. ಆದರೆ ಆ ರಾಗದೊಳಗೆ ಒಂದೇ ಒಂದು ಮಾತಿರಲಿಲ್ಲ. "ತಗಡಿ ಒಲಾಮು ಬಿತ್ತಣಿ" ಎಂಬಂಥ ಏನೋ ಸದ್ದುಗಳು. ನನ್ನ ಕಿವಿಯೇ ಕೆಟ್ಟಿತೋ ಎಂದುಕೊಂಡೆ. ಅವರ ಜಿಲ್ಲೆಯ ಕಡೆ ನನಗೆ ಗೊತ್ತಿಲ್ಲದ ಮಾತು ಇದ್ದಾವು, ಅದಿರಬಹುದೇ ಎಂದೂ ಒಂದು ಗಳಿಗೆ ಯೋಚಿಸಿದೆ. ಇನ್ನೆರಡು ವಾಕ್ಯ ಕೇಳಿದೆ. ಅಷ್ಟು ಜನರಲ್ಲಿ ಅದು ಕನ್ನಡವಲ್ಲ ಎಂದು ತಿಳಿದವಳು ನಾನೊಬ್ಬಳೇ. ಉಳಿದವರೆಲ್ಲ ನಾನು ಅನುವಾದ ಮಾಡುತ್ತೇನೆಂದು ಕಾಯುತ್ತಿದ್ದರು.

"ಇದಿ ಕನ್ನಡಂ ಕಾದಂಡಿ" ಎಂದೆ. ಇದು ಕನ್ನಡ ಅಲ್ಲ. "ಇದಿ ಏ ಭಾಷಾ ಕಾದು." ಇದು ಯಾವ ಭಾಷೆಯೂ ಅಲ್ಲ.

ಕುರ್ಚಿಗಳಿಗೆ ಎಡವುತ್ತಾ ಮುಂದೆ ಓಡಿದೆ. "ಸರ್, ಏನಾಯ್ತು ಸರ್?" ಎಂದರೆ ಅದೇ ಸದ್ದುಗಳಲ್ಲಿ, ಬಹಳ ತಾಳ್ಮೆಯಿಂದ, ನನಗೆ ಏನನ್ನೋ ವಿವರಿಸಿದರು. ಮುಖ ಕಾಣುತ್ತಿರಲಿಲ್ಲ. ಲೈಟಿನ ಸ್ವಿಚ್ ಎಲ್ಲಿದೆಯೋ ನನಗೆ ಗೊತ್ತಿಲ್ಲ, ಕಿಟಕಿಯ ಪರದೆ ಸರಿಸಲು ಹಾಲ್‌ನ ಆ ತುದಿಗೆ ಹೋಗಬೇಕು. ಕೈ ತಾನಾಗಿ ಕೀಲಿಗಳ ಮೇಲೆ ಹೋಯಿತು. ಬಿ ಒತ್ತಿದೆ, ಕಡುನೀಲಿ ಬಣ್ಣದ ಸ್ಲೈಡ್ ಬಂತು, ಅದರ ಬೆಳಕು ಸಾಲದು. ಡಬ್ಲ್ಯೂ ಒತ್ತಿದೆ.

ಗೋಡೆಯೆಲ್ಲ ಒಮ್ಮೆಗೇ ಬೆಳ್ಳಗಾಯಿತು. ಆ ಬೆಳಕು ನೇರವಾಗಿ ಅವರ ಮೇಲೆ ಬಿತ್ತು.

ಬಾಯಿಯ ಬಲಗಡೆ ಕೆಳಕ್ಕೆ ಜಾರಿತ್ತು. ಎಡಗಡೆ ನಗುತ್ತಿತ್ತು. ಒಂದೇ ಮುಖದ ಎರಡು ಭಾಗ ಎರಡು ಮನುಷ್ಯರದ್ದಾಗಿತ್ತು. ಬಲಗೈ ಮೇಜಿನ ಅಂಚಿನಲ್ಲಿ ಯಾರದೋ ಕೈ ತಂದಿಟ್ಟಂತೆ ಬಿದ್ದಿತ್ತು. ಕಣ್ಣು ಮಾತ್ರ ಅವರದೇ. ನಾನೇಕೆ ಹೀಗೆ ಹೆದರಿ ನೋಡುತ್ತಿದ್ದೇನೆ ಎಂದು ಆ ಕಣ್ಣಿಗೆ ಆಶ್ಚರ್ಯವಾಗಿತ್ತು.

ಹಾಲ್‌ನಲ್ಲಿ ಯಾರೋ ಚೀರಿದರು. ಹೆಡ್ ಮೇಡಂ ಎದ್ದು ಬಂದು ಸರ್ ಎದುರು ನಿಂತರು. ಆಕೆಯ ಅತ್ತೆಗೂ ಹೀಗೆಯೇ ಆಗಿತ್ತು ಎಂದು ನನಗೆ ತಿಳಿದದ್ದು ಆಮೇಲೆ.

"ಸಾರ್, ರೆಂಡು ಚೇತುಲೂ ಎತ್ತಂಡಿ" ಎಂದರು. ಎರಡೂ ಕೈ ಎತ್ತಿ. ಸರ್ ಸುಮ್ಮನೆ ನೋಡಿದರು. ಆಕೆ ತನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ತೋರಿಸಿದರು. ಸರ್ ಮಗುವಿನ ಹಾಗೆ ಅದನ್ನೇ ಮಾಡಲು ಹೋದರು. ಎಡಗೈ ಎದ್ದಿತು. ಬಲಗೈ ಅರ್ಧ ಎದ್ದು ಕೀಲಿಗಳ ಮೇಲೆ ದೊಪ್ಪನೆ ಬಿತ್ತು. ಬಿಳಿ ಹೋಗಿ ಯಾವುದೋ ಸ್ಲೈಡ್ ಬಂದು, ಅದರ ಮೇಲೆ ಇನ್ನೊಂದು ಬಂತು.

"ಪಕ್ಷವಾತಂ. ಕಾರು ತೆಪ್ಪಿಂಚಂಡಿ, ತೊಂದರಗಾ!" ಎಂದು ಆಕೆ ಕೂಗಿದರು. ಲಕ್ವಾ ಹೊಡೆದಿದೆ, ಕಾರು ತರಿಸಿ, ಬೇಗ. ಯಾರೋ ನೀರು ತಂದರು, ಕುಡಿಸಬೇಡಿ ಎಂದು ಹೆಡ್ ಮೇಡಂ ಲೋಟ ಕಿತ್ತುಕೊಂಡರು. ಆಗಲೂ ಆಕೆಯ ಎಡಗೈಯಲ್ಲಿ ಬೆಳಿಗ್ಗೆ ಸರ್ ಕೊಟ್ಟಿದ್ದ ಮೌಸ್ ಇತ್ತು.

ಕಾರಿನಲ್ಲಿ ಸರ್ ತಲೆ ನನ್ನ ಭುಜದ ಮೇಲಿತ್ತು. ಮಾತು ನಿಲ್ಲಿಸಿರಲಿಲ್ಲ. ನಾನು ಹೂಂ ಸರ್, ಹೌದು ಸರ್ ಎನ್ನುತ್ತಾ ಇದ್ದೆ. ಏನಕ್ಕೆ ಹೌದೆನ್ನುತ್ತಿದ್ದೇನೋ ದೇವರಿಗೇ ಗೊತ್ತು. ಹೊರಗೆ ಎಂದಿನಂತೆ ಆಟೋಗಳು, ಲಡ್ಡಿನ ಅಂಗಡಿ, ಹೂ ಮಾರುವವರು. ಊರು ಹೀಗೆ ಏನೂ ಆಗದಂತೆ ಇರುವುದಾದರೂ ಹೇಗೆ ಎಂದು ಸಿಟ್ಟು ಬಂದದ್ದು ನೆನಪಿದೆ.

ಆಸ್ಪತ್ರೆಯಲ್ಲಿ ಎಳೆಯ ಪ್ರಾಯದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಇವರು ಸರಿಯಾಗಿದ್ದದ್ದನ್ನು ಕೊನೆಯ ಸಲ ನೋಡಿದ್ದು ಯಾವಾಗ? ನಡೆದದ್ದು ಯಾವಾಗ ಅಂತಲ್ಲ, ಸರಿಯಿದ್ದದ್ದು ಯಾವಾಗ?" ನೆತ್ತರು ಹೆಪ್ಪುಗಟ್ಟಿದ್ದರೆ ಕರಗಿಸುವ ಚುಚ್ಚುಮದ್ದು ಇದೆ, ಆದರೆ ಹೊತ್ತು ಮೀರಿದ್ದರೆ ಕೊಡುವಂತಿಲ್ಲ ಎಂದರು.

ಹೆಡ್ ಮೇಡಂ ಟೀ ಹೊತ್ತಿಗೆ ಎಂದರು. ನಾನು ಅಲ್ಲ ಎಂದೆ. ಟೀ ಆದ ಮೇಲೂ ಚೆನ್ನಾಗಿದ್ದರು. ಪಿಡಿಎಫ್ ಪಾಠದಲ್ಲಿ ಮೂರು ಕೀಲಿ ಒಟ್ಟಿಗೆ ಒತ್ತಿ ಪುಟ ಹಾರಿಸಿದ್ದರು, ಅದಕ್ಕೆ ಎರಡೂ ಕೈ ಬೇಕು. ಆಮೇಲೆ ಆಟದಲ್ಲಿ ಹದಿನಾರು ಸರಿ ಬಂತು, ಮೂರು ಸರಿ ಬಂತು. ತಪ್ಪಿದ್ದು ಹನ್ನೆರಡರಲ್ಲಿ. ಇಷ್ಟನ್ನು ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಡಾಕ್ಟರು ವಿಚಿತ್ರವಾಗಿ ನೋಡಿದರು, ಆಮೇಲೆ ಅರ್ಥವಾಗಿ ಗಡಿಯಾರ ನೋಡಿದರು. "ಹಾಗಾದರೆ ಹೊತ್ತಿದೆ" ಎಂದು ಸ್ಟ್ರೆಚರಿನ ಹಿಂದೆ ಓಡಿದರು.

ಹೆಂಡತಿಗೆ ಫೋನ್ ಮಾಡುವ ಕೆಲಸ ನನ್ನದಾಯಿತು. ಬ್ಯಾಂಕಿನ ಗದ್ದಲ ಹಿಂದೆ ಕೇಳುತ್ತಿತ್ತು.

"ಯಾಕ್ರೀ, ಪಾಠ ಮುಗೀತೇನು? ಊಟ ಮಾಡಿದ್ರ್ಯಾ?"

"ಅಕ್ಕಾ, ಸರ್‌ಗೆ ಹುಷಾರಿಲ್ಲ. ಆಸ್ಪತ್ರೇಲಿದ್ದೀವಿ. ಡಾಕ್ಟ್ರು ನೋಡ್ತಾ ಇದಾರೆ."

"ಏನಾಗೈತಿ? ಅವರಿಗೆ ಕೊಡ್ರಿ ಫೋನು."

"ಕೊಡಕ್ಕಾಗಲ್ಲ ಅಕ್ಕಾ. ಮಾತು ಬರ್ತಾ ಇಲ್ಲ."

ಟೋಕನ್ ಸಂಖ್ಯೆ ಕೂಗುವ ಯಂತ್ರದ ದನಿ ಮಾತ್ರ ಕೇಳಿಸಿತು. ಆಮೇಲೆ ಆಕೆ ನಿಧಾನವಾಗಿ ಕೇಳಿದರು: "ಮಾತು ಬರೂದಿಲ್ಲ ಅಂದ್ರ ಏನ್ರೀ? ಆ ಮನುಷ್ಯಾಗ?" ಡಾಕ್ಟರು ಫೋನ್ ತೆಗೆದುಕೊಂಡು ಮದ್ದಿನ ಅಪಾಯಗಳನ್ನೆಲ್ಲ ಹೇಳಿ ಒಪ್ಪಿಗೆ ಕೇಳಿದರು. ಕೊಡ್ರಿ, ಏನು ಕೊಡಬೇಕೋ ಲಗೂನ ಕೊಡ್ರಿ, ನಾ ಹೊಂಟೆ ಎಂದರಂತೆ, ಕನ್ನಡದಲ್ಲೇ. ಡಾಕ್ಟರಿಗೆ ಕನ್ನಡ ತಿಳಿಯದಿದ್ದರೂ ಅರ್ಥವಾಯಿತು.

ಚುಚ್ಚುಮದ್ದು ಕೊಟ್ಟರು. ಆ ರಾತ್ರಿ ಅಕ್ಕ ಬಂದರು. ಸರ್ ಜೀವಕ್ಕೆ ಅಪಾಯವಿಲ್ಲ ಎಂದು ತಿಳಿಯಲು ಇನ್ನೆರಡು ದಿನ ಬೇಕಾಯಿತು. ಕಾಲು ಬೇಗ ಚೇತರಿಸಿತು. ಬಾಯಿ ನೆಟ್ಟಗಾಯಿತು. ಬಲಗೈ ಮಾತ್ರ ಹಟ ಹಿಡಿಯಿತು, ಮಾತು ಅದಕ್ಕಿಂತ ಹೆಚ್ಚು. ಆ ಅರ್ಥವಿಲ್ಲದ ಸದ್ದುಗಳು ನಿಂತು, ಪೂರ್ತಿ ಮೌನ ಬಂತು. ತಾವು ಆಡುತ್ತಿರುವುದು ಮಾತಲ್ಲ ಎಂದು ಅವರಿಗೇ ಗೊತ್ತಾಗತೊಡಗಿದೆ, ಇದು ಒಳ್ಳೆಯ ಲಕ್ಷಣ ಎಂದರು ಡಾಕ್ಟರು. ಮುಖ ನೋಡಿದರೆ ಒಳ್ಳೆಯ ಲಕ್ಷಣವೆನಿಸುತ್ತಿರಲಿಲ್ಲ.

ನಾನು ವಿಶಾಖಪಟ್ಟಣಕ್ಕೆ ಹೋಗಿ ಶನಿವಾರ ಮತ್ತೆ ಬಂದೆ. ಅಕ್ಕ ವಾರ್ಡಿನ ಹೊರಗೆ ಬೆಂಚಿನ ಮೇಲೆ ಒಬ್ಬರೇ ಕುಳಿತಿದ್ದರು. ನನ್ನನ್ನು ನೋಡಿ ಏಳಲೂ ಇಲ್ಲ.

"ಮಾತಾಡಿದ್ರು" ಎಂದರು.

"ಹೌದಾ ಅಕ್ಕಾ! ಏನಂದ್ರು?"

"ನೀಳ್ಳು ಅಂದ್ರು."

ನನಗೆ ಥಟ್ಟನೆ ತಿಳಿಯಲಿಲ್ಲ. ನೀಳ್ಳು ಎಂದರೆ ತೆಲುಗಿನಲ್ಲಿ ನೀರು.

"ನನ್ನ ಮಾರಿ ನೋಡಿ ಅಂದ್ರು ನೋಡ್ರಿ. ನರ್ಸ್‌ಗೆ ಅಲ್ಲ, ನನಗ. ಮದುವಿ ಆದಾಗಿಂದ ನನ್ನ ಕೂಡ ಒಂದು ದಿನ ತೆಲುಗು ಆಡಿದವರಲ್ಲ. ನಮ್ಮ ಮಕ್ಕಳು ಸಣ್ಣವರಿದ್ದಾಗ ತೆಲುಗು ಆಡಿದ್ರ ಬೈತಿದ್ರು, ಮನ್ಯಾಗ ಮನಿ ಮಾತು ಆಡ್ರೀ ಅಂತ. ಈಗ ನಾ ಯಾರಂತ ಗುರ್ತ ಐತೋ ಇಲ್ಲೋ." ಸೆರಗಿನಿಂದ ಕಣ್ಣೊರೆಸಿಕೊಂಡರು. ಅಳುವುದಕ್ಕಿಂತ ಹೆಚ್ಚಾಗಿ ಬೆಚ್ಚಿಬಿದ್ದಿದ್ದರು. ಗಂಡ ಬದುಕಿ ಬಂದಿದ್ದಾನೆ, ಆದರೆ ಬೇರೆ ಬಾಗಿಲಿನಿಂದ ಒಳಗೆ ಬಂದಿದ್ದಾನೆ ಎಂಬಂತೆ.

ಮಾತು ಕಲಿಸುವ ಥೆರಪಿಸ್ಟ್ ಅದಕ್ಕೆ ಸಮಾಧಾನ ಹೇಳಿದರು. ಎರಡು ಮೂರು ಭಾಷೆ ಬಲ್ಲವರಿಗೆ ಇಂಥದ್ದು ಆಗುವುದುಂಟು, ಯಾವುದು ಮೊದಲು ಮರಳುತ್ತದೋ ಹೇಳಲಾಗದು. ಸುತ್ತ ಎಲ್ಲರೂ ತೆಲುಗು ಆಡುತ್ತಿದ್ದಾರಲ್ಲ, ಅದೂ ಇರಬಹುದು. ನೀವು ಕನ್ನಡದಲ್ಲೇ ಮಾತಾಡುತ್ತಿರಿ. ಅಕ್ಕ ಮಾತಾಡಿದರು. ದಿನವೆಲ್ಲ ಮಾತಾಡಿದರು.

ದ್ವಾರಕಾ ನಗರದ ಮನೆಗೆ ಅವರನ್ನು ಕರೆತಂದ ಮೇಲೆ ನಾನು ಶಾಲೆ ಮುಗಿಸಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಥೆರಪಿಸ್ಟ್ ಚಿತ್ರಗಳ ಒಂದು ಪಿಡಿಎಫ್ ಕಳಿಸಿದ್ದರು. ಪುಟಕ್ಕೆ ಎಂಟು ಹತ್ತು ಸಣ್ಣ ಚಿತ್ರ: ಚಮಚ, ಬೀಗ, ಛತ್ರಿ, ತರಕಾರಿಗಳು. ಒಂದೊಂದನ್ನು ನೋಡಿ ಹೆಸರು ಹೇಳಬೇಕು. ಅಕ್ಕ ಲ್ಯಾಪ್‌ಟಾಪ್ ತಂದು ಅವರ ಮುಂದಿಟ್ಟು ಮೌಸ್ ಜೋಡಿಸಿದರು. ಸರ್ ಎಡಗೈಯಿಂದ ಅದನ್ನು ದೂರ ತಳ್ಳಿದರು. ಎಡಗೈ ಕೀಲಿಗಳ ಮೇಲೆ ಹೋಯಿತು. ಕಂಟ್ರೋಲ್ ಮೇಲೆ ಕಿರುಬೆರಳು ಕುಳಿತಿತು. ಹೆಬ್ಬೆರಳು ಪ್ಲಸ್ ಕಡೆ ಚಾಚಿತು, ಮುಟ್ಟಲಿಲ್ಲ. ಮತ್ತೆ ಚಾಚಿದರು. ಕಂಟ್ರೋಲ್ ಎಡಗಡೆಯ ತುದಿಯಲ್ಲಿ, ಪ್ಲಸ್ ಬಲಗಡೆಯ ಮೇಲಿನ ಸಾಲಿನಲ್ಲಿ. ಎರಡು ಕೈ ಇರುವವರಿಗೆ ಗೊತ್ತೇ ಆಗದ ದೂರ ಅದು.

ನಾನು ನೋಡುತ್ತಿದ್ದೆ. ನೀರಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ಮರೆತ ಮನುಷ್ಯನಿಗೆ ಚಿತ್ರ ದೊಡ್ಡದು ಮಾಡುವ ಕೀಲಿಗಳು ನೆನಪಿದ್ದವು. ಮಾತು ಇದ್ದ ಜಾಗವೇ ಬೇರೆ, ಇದು ಇದ್ದ ಜಾಗವೇ ಬೇರೆ. ಆ ಹೊತ್ತು ನನಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ನಮ್ಮೊಳಗೆ ನಾವು ಇಷ್ಟು ಬಿಡಿಬಿಡಿಯಾಗಿ ಇರುತ್ತೇವೆಯೇ ಎಂದು.

ಸರ್ ಮೂರನೆಯ ಸಲ ಚಾಚಿ, ಸಿಟ್ಟಿನಿಂದ ಮೇಜು ಗುದ್ದಿದರು.

ಮನೆಗೆ ಹೋಗಿ ಗಂಡನನ್ನು ಕೇಳಿದೆ, ಶಾಲೆಯ ಕಂಪ್ಯೂಟರ್ ಮೇಷ್ಟ್ರನ್ನು ಕೇಳಿದೆ. ಉತ್ತರ ಇಷ್ಟು ಸುಲಭದ್ದೆಂದು ಗೊತ್ತಿರಲಿಲ್ಲ. ಶಿಫ್ಟ್ ಕೀಲಿಯನ್ನು ಒಂದರ ಹಿಂದೆ ಒಂದರಂತೆ ಐದು ಸಲ ಒತ್ತಿದರೆ ಕಂಪ್ಯೂಟರ್ ಒಂದು ಪ್ರಶ್ನೆ ಕೇಳುತ್ತದೆ, ಹೌದು ಎಂದರೆ ಆಯಿತು. ಆಮೇಲೆ ಕೀಲಿಗಳನ್ನು ಒಟ್ಟಿಗೆ ಹಿಡಿಯಬೇಕಾಗಿಲ್ಲ. ಕಂಟ್ರೋಲ್ ಒತ್ತಿ ಬಿಡಬಹುದು, ಅದು ಕಾಯುತ್ತದೆ. ಆಮೇಲೆ ನಿಧಾನವಾಗಿ ಪ್ಲಸ್ ಒತ್ತಿದರೂ ಎರಡೂ ಜೊತೆಗೇ ಒತ್ತಿದಂತೆ ಲೆಕ್ಕ. ಒಂದೇ ಕೈಯವರಿಗೆಂದೇ ಮಾಡಿಟ್ಟದ್ದಂತೆ.

ಮರುದಿನ ಸರ್ ಎದುರು ಕುಳಿತು ಮಾಡಿ ತೋರಿಸಿದೆ. "ಸರ್, ಈಗ ಕಂಟ್ರೋಲ್ ಒತ್ತಿ. ಬಿಡಿ. ಬಿಟ್ರೂ ಪರವಾಗಿಲ್ಲ, ಬಿಡಿ. ಈಗ ಪ್ಲಸ್." ಅವರಿಗೆ ನಾನು ಕೀಲಿ ಕಲಿಸಿದ್ದು ಅದೇ ಮೊದಲು. ಒತ್ತಿದರು. ಪುಟ ಮುಂದೆ ಬಂತು. ತಲೆ ಎತ್ತಿ ನನ್ನನ್ನು ನೋಡಿದರು, ಕಣ್ಣು ಅರಳಿತ್ತು. ಮತ್ತೆ ಕಂಟ್ರೋಲ್, ಮತ್ತೆ ಪ್ಲಸ್. ಇನ್ನೂ ದೊಡ್ಡದು. ಅಂದಿನಿಂದ ಪುಟಗಳನ್ನು ತಾವೇ ತಿರುಗಿಸತೊಡಗಿದರು. ಕಂಟ್ರೋಲ್, ಶಿಫ್ಟ್, ಎನ್, ಒಂದೊಂದೇ ಒತ್ತಿ, ಸಂಖ್ಯೆ ಹಾಕಿ, ಎಂಟರ್. ಸಂಖ್ಯೆ ಮೊದಮೊದಲು ತಪ್ಪುತ್ತಿತ್ತು. ಬರಬರುತ್ತಾ ಸರಿಹೋಯಿತು.

ಮಾತು ಅಷ್ಟು ಬೇಗ ಬರಲಿಲ್ಲ. ಬಂದದ್ದೂ ಬಹಳ ದಿನ ತೆಲುಗಿನಲ್ಲೇ. ಬೀಗಕ್ಕೆ "ತಾಳಂ", ಛತ್ರಿಗೆ "ಗೊಡುಗು". ಅಕ್ಕ ಪಕ್ಕದಲ್ಲೇ ಕುಳಿತು ಪ್ರತಿಯೊಂದಕ್ಕೂ ತಮ್ಮ ಊರಿನ ಹೆಸರು ಹೇಳುತ್ತಿದ್ದರು. ಸರ್ ಅಕ್ಕನ ತುಟಿ ನೋಡುತ್ತಿದ್ದರು. ಆ ದಿನಗಳಲ್ಲಿ ಅಕ್ಕ ಹುಬ್ಬಳ್ಳಿಗೆ ವರ್ಗ ಕೇಳಿ ಬರೆದುಕೊಂಡಿದ್ದರು, ಸರ್ ಶಾಲೆಗೆ ರಾಜೀನಾಮೆ ಕೊಟ್ಟಿದ್ದರು. ಎಡಗೈಯಲ್ಲಿ ಹಾಕಿದ ಸಹಿ, ಕಪ್ಪೆ ಕಾಲಿನಂತಿತ್ತು.

ವರ್ಗ ಆಯಿತು. ಸಾಮಾನು ಕಟ್ಟುವ ವಾರ ನಾನು ಹೋದಾಗ ಮನೆಯ ಮಧ್ಯೆ ರಟ್ಟಿನ ಪೆಟ್ಟಿಗೆಗಳು, ನಡುವೆ ಸರ್, ಮಡಿಲಲ್ಲಿ ಲ್ಯಾಪ್‌ಟಾಪ್. ತರಕಾರಿಯ ಪುಟ ತೆರೆದು ಒಂದು ಚಿತ್ರವನ್ನು ಪರದೆ ತುಂಬ ಹಿಗ್ಗಿಸಿಕೊಂಡು ಕುಳಿತಿದ್ದರು. ಎಷ್ಟು ದೊಡ್ಡದು ಮಾಡಿದ್ದರೆಂದರೆ ತೊಟ್ಟಿನ ಹಸಿರು, ಕೆಳಗೆ ನೇರಳೆ ಬಣ್ಣ, ಅಷ್ಟೇ ಕಾಣುತ್ತಿತ್ತು.

"ವಂಕಾಯ" ಎಂದರು.

ಅಡುಗೆಮನೆಯಿಂದ ಅಕ್ಕನ ದನಿ ಬಂತು. "ಅದು ತೆಲುಗಿನವ್ರಿಗೆ. ನನಗೇನಂತ ಹೇಳಬೇಕು?"

ಸರ್ ಹುಬ್ಬು ಗಂಟಿಕ್ಕಿದರು. ಬಾಯಿ ತೆರೆದು ಮುಚ್ಚಿದರು. ನಾನು ಹೇಳಿಕೊಡಲು ಹೋದೆ, ಅಕ್ಕ ಬಾಗಿಲಲ್ಲಿ ಬಂದು ನಿಂತು ಬೇಡವೆಂದು ಕೈ ಮಾಡಿದರು. ಕೈಯಲ್ಲಿ ಅರ್ಧ ಸುತ್ತಿದ ಪಾತ್ರೆ, ಹಳೆಯ ಪತ್ರಿಕೆ. ನಾವಿಬ್ಬರೂ ಅಲ್ಲಾಡದೆ ನಿಂತೆವು.

"ಬದ..." ಎಂದರು ಸರ್. ನಿಂತರು. ಬೆವರಿದ್ದರು. "ಬದನಿಕಾಯಿ."

ಅಕ್ಕನ ಕೈಯಿಂದ ಪಾತ್ರೆ ಜಾರಿ ನೆಲದ ಮೇಲೆ ಉರುಳಿತು. ಅದನ್ನು ಎತ್ತಿಕೊಳ್ಳಲೂ ಇಲ್ಲ. ಆ ಸದ್ದಿಗೆ ಬೆಚ್ಚಿದ ಸರ್ ಅಕ್ಕನ ಕಡೆ ತಿರುಗಿ, "ಏನ... ಬಿತ್ತು?" ಎಂದು ಕೇಳಿದರು.

"ಏನೂ ಇಲ್ಲ, ಡಬರಿ" ಎಂದರು ಅಕ್ಕ. "ಎಣಗಾಯಿ ಮಾಡಲೇನು ಇವತ್ತ?"

ಸರ್ ಬಹಳ ಹೊತ್ತು ಯೋಚಿಸಿ, ಹೂಂ ಎಂದು ತಲೆ ಆಡಿಸಿದರು.